‘ನೋಡೂಣು’ ಅಂದರೆ ಒಪ್ಪಿಗೆಯಾ?

ಬುಧವಾರ ಮಧ್ಯಾಹ್ನ ಮೂರರಿಂದ ನಾಲ್ಕೂವರೆ ತನಕ ನಮ್ಮ ಮೇಡಂ ಚೇಂಬರಿನ ಬಾಗಿಲು ತೆರೆದಿರುತ್ತದೆ. ಯಾರು ಬೇಕಾದರೂ ಹೋಗಬಹುದು. ಎಂ.ಎ. ಹುಡುಗರು ಹಾಜರಿ, ಇಂಟರ್ನಲ್ಸ್ ಅಂತ ಬಂದು ಹೋಗುತ್ತಾರೆ. ಪಿಎಚ್‌ಡಿ ಮಾಡುವ ನಾವು ಅವರದೆಲ್ಲ ಮುಗಿಯುವ ತನಕ ಹೊರಗೆ ಬೆಂಚಿನ ಮೇಲೆ ಕೂತಿರುತ್ತೇವೆ. ಧಾರವಾಡದ ಮಳೆಗಾಲದಲ್ಲಿ ಆ ವರಾಂಡದಲ್ಲಿ ಕೂತು ಕಾಯುವುದೂ ನನಗೆ ಇಷ್ಟವೇ.

ಹೋದ ತಿಂಗಳ ಒಂದು ಬುಧವಾರ ನನಗೆ ನಲವತ್ತು ನಿಮಿಷ ಸಿಕ್ಕಿತು. ಅಷ್ಟರಲ್ಲಿ ಥೀಸಿಸ್‌ನ ಪ್ರಶ್ನೆಯೇ ಬದಲಾಯಿತು. ಎರಡು ಅಧ್ಯಾಯ ಬಿದ್ದುಹೋದವು, ಒಂದು ಹೊಸದು ಸೇರಿತು. ರೂಮಿಗೆ ಬಂದು ಮೇಡಂಗೆ ಒಂದು ಮೇಲ್ ಬರೆಯಲು ಕೂತೆ. ಏನೇನು ಮಾತಾಯಿತು, ಯಾವುದಕ್ಕೆ ಅವರು ಒಪ್ಪಿದರು, ಇನ್ನು ಮುಂದೆ ನಾನು ಏನು ಮಾಡಬೇಕು ಅಂತ. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಎರಡು ದಿನ ಹಿಡಿಯಿತು. ಆ ಎರಡು ದಿನದಲ್ಲಿ ನನಗೆ ತಿಳಿದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೇಲ್ ಬರೆಯುವ ಅಭ್ಯಾಸ ನನಗೆ ಮೊದಲಿಂದ ಇರಲಿಲ್ಲ. ಒಂದು ಪೆಟ್ಟು ತಿಂದ ಮೇಲೆ ಬಂದದ್ದು. ಮೊದಲ ವರ್ಷ ಒಂದು ದಿನ ಮೆಟ್ಟಿಲ ಹತ್ತಿರ ಮೇಡಂ ಸಿಕ್ಕಾಗ, ಮೆಣಸಿನಕಾಯಿ ದರದ ಏರಿಳಿತವನ್ನು ಮುಂಚೆಯೇ ಅಂದಾಜು ಮಾಡುವ ಮಾಡೆಲ್ ಕಟ್ಟಲೇ ಅಂತ ಕೇಳಿದೆ. ‘ಮಾಡಿ ನೋಡಪಾ’ ಅಂದರು. ನಾನು ಹತ್ತು ವರ್ಷದ ದರ ಇಳಿಸಿಕೊಂಡು ಐದು ತಿಂಗಳು ಅದರಲ್ಲೇ ಮುಳುಗಿದೆ. ಕೊನೆಗೆ ಗ್ರಾಫುಗಳನ್ನೆಲ್ಲ ತೋರಿಸಿದರೆ ಅವರಿಗೇ ಆಶ್ಚರ್ಯ. ‘ಒಂದು ವಾರ ಕೈಯಾಡಿಸಿ ನೋಡು ಅಂದಿದ್ದೆ. ಇದು ನಿನ್ನ ಥೀಸಿಸ್ ಅಂತ ನಾ ಯಾವಾಗ ಅಂದೆ?’ ಅಂದರು. ಅವರು ಹೇಳಿದ್ದು ನಿಜವೇ. ಅವರ ತಪ್ಪು ಏನೂ ಇರಲಿಲ್ಲ. ನಾನು ‘ಮಾಡಿ ನೋಡು’ ಅನ್ನುವುದರಲ್ಲಿ ‘ಮಾಡು’ ಅಷ್ಟನ್ನೇ ಕೇಳಿಸಿಕೊಂಡಿದ್ದೆ. ‘ನೋಡು’ ಬಿಟ್ಟುಹೋಗಿತ್ತು. ಅವತ್ತೇ ಎರಡು ಸಾಲಿನ ಮೇಲ್ ಕಳಿಸಿದ್ದರೆ ಆ ಐದು ತಿಂಗಳು ನನಗೆ ಉಳಿಯುತ್ತಿತ್ತು.

ಈಗ ನನ್ನ ವಿಷಯ ಹೇಳಬೇಕು. ಅದು ಇಲ್ಲದೆ ಮೇಲ್‌ನಲ್ಲಿ ಎಲ್ಲಿ ಎಡವಿದೆ ಅನ್ನುವುದು ತಿಳಿಯುವುದಿಲ್ಲ.

ನಮ್ಮೂರು ಕುಂದಗೋಳ ತಾಲೂಕಿನಲ್ಲಿದೆ. ಅಪ್ಪ ಮೆಣಸಿನಕಾಯಿ ಬೆಳೆಯುತ್ತಾರೆ, ಡಬ್ಬಿ ಮತ್ತು ಕಡ್ಡಿ ಎರಡೂ. ಡಬ್ಬಿ ಗಿಡ್ಡ, ಮೈ ತುಂಬಿಕೊಂಡಿರುತ್ತದೆ. ಕಡ್ಡಿ ಉದ್ದ, ಸಣಕಲು. ಎರಡಕ್ಕೂ ಮೈಮೇಲೆ ಸುಕ್ಕು, ಎರಡಕ್ಕೂ ಗಾಢ ಕೆಂಪು, ಎರಡರಲ್ಲೂ ಖಾರ ಕಡಿಮೆ. ಬಣ್ಣಕ್ಕೇ ಹೆಸರಾದ ಕಾಯಿ ಇದು. ಬ್ಯಾಡಗಿ ಮೆಣಸಿನಕಾಯಿ ಅಂತ 2011ರಲ್ಲಿ ಜಿಐ ಗುರುತೂ ಸಿಕ್ಕಿದೆ. ಕಣದಲ್ಲಿ ಒಣಗಿಸಿ, ಚೀಲ ತುಂಬಿ, ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ಒಯ್ಯುತ್ತೇವೆ. ಅಲ್ಲಿ ದಲಾಲಿ ಅಂಗಡಿಯ ಮುಂದೆ ಚೀಲ ಇಳಿಸಿದರೆ ಅದಕ್ಕೊಂದು ಲಾಟ್ ನಂಬರ್ ಬೀಳುತ್ತದೆ. ಖರೀದಿದಾರರು ಬಂದು ಬಾಯಿ ಬಿಚ್ಚಿದ ಚೀಲದಿಂದ ಒಂದು ಹಿಡಿ ತೆಗೆದು ನೋಡುತ್ತಾರೆ. ಒಂದು ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಬೀಜ ಗಲಗಲ ಅಂದರೆ ಒಣಗಿದೆ ಅಂತ ಅರ್ಥ. ಬಾಗಿದರೂ ಮುರಿಯದಿದ್ದರೆ ಇನ್ನೂ ಹಸಿ ಇದೆ. ಆಮೇಲೆ ಆನ್‌ಲೈನ್ ಟೆಂಡರಿನಲ್ಲಿ ಆ ಲಾಟಿಗೆ ತಮ್ಮ ತಮ್ಮ ದರ ಹಾಕುತ್ತಾರೆ. ಜಾಸ್ತಿ ಹಾಕಿದವರಿಗೆ ಮಾಲು. ದರ ಒಪ್ಪಿಗೆಯಾಗದಿದ್ದರೆ ರೈತ ಕೊಡುವುದಿಲ್ಲ ಅನ್ನಬಹುದು.

ಅನ್ನಬಹುದು. ಆದರೆ ಎಲ್ಲರಿಗೂ ಅನ್ನಲು ಆಗುತ್ತದಾ? ಅಕ್ಕನ ಮದುವೆಯ ವರ್ಷ ಅಪ್ಪ ದಲಾಲರ ಹತ್ತಿರ ಮುಂಗಡ ತಗೊಂಡಿದ್ದರು. ಆ ಸಲ ಕಾಯಿ ಒಣಗಿದ ವಾರವೇ ಮಾಲು ಹೋಯಿತು. ಕೋಲ್ಡ್ ಸ್ಟೋರೇಜ್‌ನಲ್ಲಿ ಇಡೋಣ, ಒಂದೆರಡು ತಿಂಗಳು ಕಾಯೋಣ ಅನ್ನುವ ಮಾತು ಮನೆಯಲ್ಲಿ ಬಂತು, ಹಾಗೇ ನಿಂತಿತು. ಯಾರೂ ಅಪ್ಪನನ್ನು ಗದರಿಸಿರಲಿಲ್ಲ. ಇಂಥ ದಿನವೇ ತರಬೇಕು ಅಂತ ಯಾರೂ ಹೇಳಿರಲಿಲ್ಲ. ಆದರೂ ಆ ದಿನವನ್ನು ಆರಿಸಿದ್ದು ಅಪ್ಪನಾ? ಹಲವು ವರ್ಷದಿಂದ ನನ್ನ ತಲೆಯಲ್ಲಿದ್ದ ಪ್ರಶ್ನೆ ಇದು. ಸಿನಾಪ್ಸಿಸ್ ಬರೆಯುವಾಗ ಮಾತ್ರ ಇದನ್ನು ಮುಚ್ಚಿ, ‘ಬ್ಯಾಡಗಿ ಮಾರುಕಟ್ಟೆ ಮತ್ತು ರೈತರ ಕಲ್ಯಾಣ’ ಅಂತ ದೊಡ್ಡ ಹೆಸರು ಇಟ್ಟಿದ್ದೆ.

ಆ ಬುಧವಾರ ಮೇಡಂ ಮೊದಲು ಕೈ ಇಟ್ಟದ್ದೇ ಆ ಹೆಸರಿಗೆ. ‘ಕಲ್ಯಾಣ ಅಂದ್ರ ಏನು? ಹೆಂಗ ಅಳಿತಿ?’ ನಾನು ಆದಾಯ ಅಂದೆ. ದಾಸ್ತಾನು ಇಟ್ಟ ರೈತರು ಎಷ್ಟು ಗಳಿಸಿದರು, ಕೂಡಲೇ ಮಾರಿದವರು ಎಷ್ಟು ಗಳಿಸಿದರು, ಎರಡನ್ನೂ ಪಕ್ಕಪಕ್ಕ ಇಡುತ್ತೇನೆ ಅಂದೆ. ಅವರು ಪೆನ್ ಕೆಳಗಿಟ್ಟರು. ‘ದಾಸ್ತಾನು ಇಡವ್ರು ಯಾರು? ಕೈಯಾಗ ರೊಕ್ಕ ಇದ್ದವ್ರು. ಚಲೋ ಕಾಯಿ ಇದ್ದವ್ರು. ಬಾಡಿಗಿ ಕಟ್ಟಾಕ ಆಗವ್ರು. ಅವ್ರಿಗೆ ಹೆಚ್ಚು ಸಿಕ್ಕರ ಅದು ದಾಸ್ತಾನಿನಿಂದ ಸಿಕ್ಕದ್ದೋ, ಮೊದಲ ಅವ್ರು ಗಟ್ಟಿ ಇದ್ದದ್ದಕ್ಕ ಸಿಕ್ಕದ್ದೋ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಡೀ ಮೂರನೇ ಅಧ್ಯಾಯ ಆ ಹೋಲಿಕೆಯ ಮೇಲೇ ನಿಂತಿತ್ತು.

ಆಗ ಅಕ್ಕನ ಮದುವೆಯ ವರ್ಷದ ಮಾತು ಹೇಳಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ, ಬಾಯಿಗೆ ಬಂತು. ಅವರು ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಂಡರು. ‘ಇದು ನಿನ್ನ ಪ್ರಶ್ನೆ ನೋಡು’ ಅಂದರು. ರೈತನಿಗೆ ಎಷ್ಟು ದರ ಸಿಕ್ಕಿತು ಅನ್ನುವುದಕ್ಕಿಂತ ಮೊದಲು, ಮಾರುವ ದಿನವನ್ನು ಯಾರು ಆರಿಸಿದರು ಅಂತ ಕೇಳಬೇಕು. ಕಾಯಿ ಒಣಗಿದ ದಿನಕ್ಕೂ ಮಾರಿದ ದಿನಕ್ಕೂ ನಡುವೆ ಎಷ್ಟು ದಿನ ಹೋಯಿತು? ಮುಂಗಡ ಪಡೆದವರಲ್ಲಿ ಎಷ್ಟು, ಪಡೆಯದವರಲ್ಲಿ ಎಷ್ಟು? ಅಲ್ಲಿಂದ ಮುಂದೆ ಮಾತು ಓಡಿತು. ನಾನು ಕೇಳುತ್ತಾ ಹೋದೆ, ಅವರು ಹೇಳುತ್ತಾ ಹೋದರು. ನಾಲ್ಕೂವರೆಗೆ ಪ್ಯೂನ್ ಬಂದು ಮೀಟಿಂಗ್ ಇದೆ ಅಂತ ನೆನಪು ಮಾಡಿದ.

ಹೊರಗೆ ಬಂದವನು ಸೀದಾ ರೂಮಿಗೆ ಹೋಗಲಿಲ್ಲ. ರಸ್ತೆ ದಾಟಿದರೆ ಒಂದು ಗಿರಮಿಟ್ ಅಂಗಡಿ ಇದೆ. ಒಂದು ಪ್ಲೇಟ್ ಹೇಳಿ, ನೋಟ್‌ಬುಕ್ ತೆಗೆದು, ನೆನಪಿದ್ದದ್ದನ್ನೆಲ್ಲ ಗೀಚಿದೆ. ಹಾಳೆಯನ್ನು ಉದ್ದಕ್ಕೆ ಮೂರು ಭಾಗ ಮಾಡಿದ್ದೆ. ಎಡಕ್ಕೆ ಮೇಡಂ ಹೇಳಿದ್ದು, ಆದಷ್ಟೂ ಅವರದೇ ಮಾತಿನಲ್ಲಿ. ನಡುವೆ ನಾನು ಹೇಳಿದ್ದು. ಬಲಕ್ಕೆ ಮೆಟ್ಟಿಲು ಇಳಿಯುವಾಗ ನನಗೆ ಹೊಳೆದದ್ದು. ಈ ಮೂರನೇ ಭಾಗ ಬಹಳ ಮುಖ್ಯ. ಒಂದು ರಾತ್ರಿ ಕಳೆದರೆ ಮೆಟ್ಟಿಲ ಮೇಲೆ ಹೊಳೆದದ್ದೂ ಮೇಡಂ ಹೇಳಿದ್ದೇ ಅನ್ನಿಸತೊಡಗುತ್ತದೆ. ಆಮೇಲೆ ಎರಡನ್ನೂ ಬೇರೆ ಮಾಡುವುದು ಆಗುವುದಿಲ್ಲ.

ರಾತ್ರಿ ಮೇಲ್‌ನ ಮೊದಲ ಕರಡು ಇಂಗ್ಲಿಷಿನಲ್ಲಿ ಬರೆದೆ. ಥೀಸಿಸ್ ಇಂಗ್ಲಿಷಿನಲ್ಲಿ, ಡಿಪಾರ್ಟ್‌ಮೆಂಟಿನ ಪತ್ರವ್ಯವಹಾರ ಇಂಗ್ಲಿಷಿನಲ್ಲಿ, ಹಾಗಾಗಿ ಕೈ ಆ ಕಡೆಯೇ ಹೋಯಿತು. ಐದು ಅಂಶ ಬಂದವು. ಐದಕ್ಕೂ ಶುರುವಿನಲ್ಲಿ ಒಂದೇ ಪದ, ‘ನಾವು ನಿರ್ಧರಿಸಿದೆವು’ ಅನ್ನುವ ಅರ್ಥದ್ದು. ಓದಿದರೆ ಅಚ್ಚುಕಟ್ಟಾಗಿತ್ತು. ಆದರೆ ನೋಟ್‌ಬುಕ್ಕಿನ ಎಡಗಡೆ ನೋಡಿದಾಗ ಗಾಬರಿಯಾಯಿತು. ಆ ಐದು ವಿಷಯಕ್ಕೆ ಮೇಡಂ ಕೊಟ್ಟ ಉತ್ತರ ಒಂದೇ ಥರ ಇರಲಿಲ್ಲ.

ಕಲ್ಯಾಣ ಅನ್ನುವ ಪದ ಬಿಡುವುದಕ್ಕೆ, ಹೋಲಿಕೆಯ ಅಧ್ಯಾಯ ತೆಗೆಯುವುದಕ್ಕೆ ಅವರು ‘ಆತು’ ಅಂದಿದ್ದರು. ನಮ್ಮ ಕಡೆ ಆತು ಅಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ಸಾಲದ ಕಾಗದ ಎಲ್ಲರ ಹತ್ತಿರ ಇರುವುದಿಲ್ಲ, ಬಾಯಿಮಾತಿನ ಮುಂಗಡವನ್ನೂ ಲೆಕ್ಕಕ್ಕೆ ತಗೋಬೇಕು ಅಂತ ನಾನು ಅಂದಾಗ ‘ಬರೋಬ್ಬರಿ ಐತಿ’ ಅಂದಿದ್ದರು. ಅಂದರೆ ನನ್ನ ಮಾತು ಸರಿ ಅಂತ ಒಪ್ಪಿದರು. ಹೇಗೆ ಮಾಡಬೇಕು ಅಂತ ಹೇಳಲಿಲ್ಲ. ಇನ್ನು ನಮ್ಮೂರನ್ನೂ ಸರ್ವೇಗೆ ಸೇರಿಸಿಕೊಳ್ಳುತ್ತೇನೆ, ಅಲ್ಲಿ ಎಲ್ಲರೂ ಪರಿಚಯ ಅಂದಿದ್ದಕ್ಕೆ ‘ನೋಡೂಣು’ ಅಂದಿದ್ದರು.

ನೋಡೂಣು. ಈ ಪದ ಕೇಳಿ ಬೆಳೆದವರಿಗೆ ಇದರ ತೂಕ ಗೊತ್ತು. ಹೊಸ ಸೈಕಲ್ ಬೇಕು ಅಂದಾಗ ಅಪ್ಪ ಅನ್ನುತ್ತಿದ್ದದ್ದು ನೋಡೂಣು. ಸಂಬಂಧ ಹಿಡಿಸದಿದ್ದಾಗ ಹುಡುಗಿ ಕಡೆಯವರು ಅನ್ನುವುದೂ ನೋಡೂಣು. ಕೆಲವು ಸಲ ಅದು ಮುಂದೆ ಹೌದು ಆಗುತ್ತದೆ. ಬಹಳಷ್ಟು ಸಲ ಎದುರಿನವರ ಮನಸ್ಸು ನೋಯಿಸದೆ ಬೇಡ ಅನ್ನುವ ದಾರಿ ಅದು. ಅದನ್ನು ಒಯ್ದು ‘ನಿರ್ಧರಿಸಿದೆವು’ ಅಂತ ಬರೆದಿದ್ದೆ. ಮೇಡಂ ಗಡಿಬಿಡಿಯಲ್ಲಿ ಓದಿ ‘ಓಕೆ’ ಅಂತ ಉತ್ತರಿಸಿದ್ದರೆ, ಅವರು ಒಪ್ಪದ ವಿಷಯಕ್ಕೆ ಅವರದೇ ಕೈಯಿಂದ ಒಪ್ಪಿಗೆ ಬರೆಸಿಕೊಂಡಂತೆ ಆಗುತ್ತಿತ್ತು. ಉದ್ದೇಶ ಅದಲ್ಲದಿದ್ದರೂ ಫಲ ಅದೇ.

ಇಂಗ್ಲಿಷ್ ಕರಡು ಅಳಿಸಿ ಕನ್ನಡದಲ್ಲಿ ಶುರು ಮಾಡಿದೆ. ಮಾತು ನಡೆದದ್ದು ಕನ್ನಡದಲ್ಲಿ, ಅದರ ಲೆಕ್ಕವೂ ಕನ್ನಡದಲ್ಲೇ ಸರಿಯಾಗಿ ಬರುತ್ತದೆ ಅನ್ನಿಸಿತು. ಮರುದಿನ ಸಂಜೆ ಕಳಿಸಿದ ಮೇಲ್ ಹೀಗಿತ್ತು.

ವಿಷಯ: ಬುಧವಾರದ ಮಾತುಕತೆ, ಥೀಸಿಸ್‌ನ ಹೊಸ ಪ್ರಶ್ನೆ (ನನ್ನ ತಿಳುವಳಿಕೆ ಸರಿಯೇ ನೋಡಬೇಕು)

ಮೇಡಂ, ನಮಸ್ಕಾರ.

ನಿನ್ನೆ ಅಷ್ಟು ಹೊತ್ತು ಕೊಟ್ಟಿದ್ದಕ್ಕೆ ಧನ್ಯವಾದಗಳು. ನನಗೆ ಅರ್ಥವಾದದ್ದನ್ನು ಬರೆಯುತ್ತಿದ್ದೇನೆ. ತಪ್ಪಿದ್ದಲ್ಲಿ ದಯವಿಟ್ಟು ತಿದ್ದಿ.

ಹೊಸ ಪ್ರಶ್ನೆ ಇದು: ದಲಾಲರಿಂದ ಮುಂಗಡ ಪಡೆದ ಮೆಣಸಿನಕಾಯಿ ರೈತರು ಮಾರುವ ದಿನವನ್ನು ಎಷ್ಟರ ಮಟ್ಟಿಗೆ ತಾವೇ ಆರಿಸುತ್ತಾರೆ? ಈ ರೂಪ ಕೊಟ್ಟದ್ದು ನೀವು.

ನೀವು ಖಚಿತವಾಗಿ ಹೇಳಿದ್ದು. ಶೀರ್ಷಿಕೆಯಿಂದ ‘ಕಲ್ಯಾಣ’ ತೆಗೆಯುವುದು. ದಾಸ್ತಾನು ಇಟ್ಟವರು ಮತ್ತು ಇಡದವರ ಆದಾಯ ಹೋಲಿಸುವ ಮೂರನೇ ಅಧ್ಯಾಯ, ದರದ ಅಂದಾಜಿನ ಐದನೇ ಅಧ್ಯಾಯ ಎರಡನ್ನೂ ಬಿಡುವುದು. ಲೆಕ್ಕದ ಘಟಕ ರೈತನಲ್ಲ, ಲಾಟ್. ಒಬ್ಬನೇ ರೈತನ ಮೂರು ಲಾಟ್ ಮೂರು ಬೇರೆ ದಿನ ಮಾರಿದ್ದರೆ ಅವು ಮೂರು ದಾಖಲೆ. ದಿನಗಳ ಅಂತರ ಮೊದಲ ಅಧ್ಯಾಯ, ದರ ಎರಡನೆಯದು. ದರವನ್ನು ಅಳೆಯಲು ಆ ದಿನದ ಮೋಡಲ್ ದರವನ್ನು, ಅಂದರೆ ಅವತ್ತು ಅತಿ ಹೆಚ್ಚು ಮಾಲು ಹೋದ ದರವನ್ನು, ಅಳತೆಗೋಲಾಗಿ ಇಟ್ಟುಕೊಳ್ಳುವುದು.

ನೀವು ಸರಿ ಅಂದದ್ದು, ಆದರೆ ದಾರಿ ಇನ್ನೂ ಆಗಬೇಕಾದದ್ದು. ಬಾಯಿಮಾತಿನ ಮುಂಗಡವನ್ನು ದಾಖಲಿಸುವುದು. ಎರಡು ಪ್ರಶ್ನೆ ಬರೆದು ಬುಧವಾರ ತರುತ್ತೇನೆ.

ತೀರ್ಮಾನ ಆಗದೆ ಉಳಿದದ್ದು. ನಮ್ಮೂರನ್ನು ಸೇರಿಸಬೇಕೋ ಬೇಡವೋ. ನೀವು ‘ನೋಡೂಣು’ ಅಂದಿರಿ. ಇದಕ್ಕೆ ನಿಮ್ಮ ಉತ್ತರ ಬರುವ ತನಕ ಊರಿನಲ್ಲಿ ಯಾರನ್ನೂ ಕೇಳುವುದಿಲ್ಲ.

ನಿನ್ನೆ ಮಾತಾಡದೆ ಇದ್ದದ್ದು, ನನಗೆ ಆಮೇಲೆ ಹೊಳೆದದ್ದು. ಪ್ರತಿ ಲಾಟಿಗೆ ಎಷ್ಟು ಜನ ದರ ಹಾಕಿದರು ಅನ್ನುವುದನ್ನೂ ಬರೆದುಕೊಳ್ಳಲೇ?

ಶೀರ್ಷಿಕೆ ಬದಲಾಗುವುದರಿಂದ ಸಲಹಾ ಸಮಿತಿಯ ಮುಂದೆ ಹೋಗಬೇಕಾಗುತ್ತದೆ. ಈ ಸೆಮಿಸ್ಟರ್ ಪ್ರೆಸೆಂಟೇಶನ್‌ಗೆ ಈ ಮೇಲ್‌ನಲ್ಲಿ ನೀವು ಒಪ್ಪಿದಷ್ಟನ್ನೇ ಇಟ್ಟುಕೊಂಡು ತಯಾರಿ ಮಾಡುತ್ತೇನೆ.

ಇಷ್ಟೇ ಮೇಲ್. ಅಟ್ಯಾಚ್‌ಮೆಂಟ್ ಇಲ್ಲ. ಹಿಂದೆಲ್ಲ ಮೇಲ್ ಜೊತೆ ಇಪ್ಪತ್ತು ಪುಟದ ಕರಡನ್ನೂ ಸೇರಿಸುತ್ತಿದ್ದೆ. ಆಗ ಮೇಡಂ ಕರಡು ಓದಿದ ಮೇಲೆ ಉತ್ತರಿಸೋಣ ಅಂತ ಮೇಲನ್ನೂ ಬದಿಗಿಡುತ್ತಿದ್ದರು. ಮೇಲ್ ಒಂದೇ ಬಂದರೆ ಫೋನಿನಲ್ಲೇ ಓದಿ ಮುಗಿಸುತ್ತಾರೆ.

ಒಂದು ಸಾಲಿನ ಬಗ್ಗೆ ಬಹಳ ತಲೆ ಕೆಡಿಸಿಕೊಂಡಿದ್ದೆ. ‘ಶುಕ್ರವಾರದ ಒಳಗೆ ಉತ್ತರ ಬಾರದಿದ್ದರೆ ಇದೇ ಸರಿ ಅಂತ ಮುಂದುವರಿಯುತ್ತೇನೆ’ ಅಂತ ಬರೆಯಲೋ ಬೇಡವೋ ಅಂತ. ಸೀನಿಯರ್ ಒಬ್ಬರು ಬರೆಯಲೇಬೇಕು ಅಂದರು. ಇಲ್ಲವಾದರೆ ತಿಂಗಳುಗಟ್ಟಲೆ ಕೂರಬೇಕಾಗುತ್ತದೆ ಅನ್ನುವುದು ಅವರ ಅನುಭವ. ಗುರುಗಳಿಗೆ ಗಡುವು ಹಾಕಿದಂತೆ ಆಗುತ್ತದೆ ಅನ್ನುವುದು ನನ್ನ ಹಿಂಜರಿಕೆ. ಯೋಚನೆ ಮಾಡಿದಾಗ ಒಂದು ದಾರಿ ಕಂಡಿತು. ಎಲ್ಲಾ ಅಂಶಕ್ಕೂ ಆ ಸಾಲು ಹೊಂದುವುದಿಲ್ಲ. ಅಧ್ಯಾಯ ಬಿಡುವುದು ತಪ್ಪಾಗಿದ್ದರೆ ನಾಳೆ ಮತ್ತೆ ಸೇರಿಸಬಹುದು, ಅದಕ್ಕೆ ಕಾಯುವ ಅಗತ್ಯ ಇಲ್ಲ. ಊರಿನಲ್ಲಿ ಮನೆ ಮನೆಗೆ ಹೋಗಿ ಸಾಲದ ವಿಷಯ ಕೇಳಿದ ಮೇಲೆ ಮಾತ್ರ ಅದನ್ನು ವಾಪಸ್ ತಗೊಳ್ಳಲು ಬರುವುದಿಲ್ಲ. ಹಾಗಾಗಿ ಅದೊಂದಕ್ಕೆ ಮಾತ್ರ, ಗಡುವಿಲ್ಲದೆ, ಉತ್ತರ ಬರುವ ತನಕ ಮಾಡುವುದಿಲ್ಲ ಅಂತ ಬರೆದೆ. ಉಳಿದವುಗಳ ಬಗ್ಗೆ ಏನೂ ಬರೆಯದೆ ಕೆಲಸ ಶುರು ಮಾಡಿದೆ.

ಉತ್ತರ ಶುಕ್ರವಾರ ಬೆಳಿಗ್ಗೆ ಬಂತು. ಬಹಳ ಚಿಕ್ಕದು.

‘ಉಳಿದದ್ದು ಸರಿ. ಮೋಡಲ್ ದರ ಅಳತೆಗೋಲು ಅಂತ ನಾನು ಹೇಳಿಲ್ಲ. ಹಂಗಾಮು ಹೇಗಿತ್ತು ಅಂತ ಹೇಳಲಿಕ್ಕೆ ಅದು ಸಾಕು. ಲಾಟಿಗೆ ಸಾಲದು. ಯಾಕೆ ಅಂತ ನೀನೇ ಲೆಕ್ಕ ಹಾಕಿ ತಾ.’

ಮೇಲ್ ಓದಿ ಎದೆ ಧಸಕ್ಕೆಂದಿತು. ಖಚಿತ ಅಂತ ಬರೆದ ಭಾಗದಲ್ಲೇ ತಪ್ಪು ಸೇರಿತ್ತು. ನೋಟ್‌ಬುಕ್ ತೆಗೆದೆ. ಎಡಗಡೆ ಅವರ ಮಾತು ಹೀಗಿತ್ತು: ‘ಮೋಡಲ್ ದರ ಇಟ್ಕೊಂಡು ನೋಡು.’ ಮತ್ತದೇ ‘ನೋಡು’. ನಾನು ಮತ್ತೆ ಅದನ್ನು ದಾಟಿ ಹೋಗಿದ್ದೆ.

ಲೆಕ್ಕ ಹಾಕಲು ಕೂತೆ. ಕೃಷಿ ಮಾರಾಟ ವಾಹಿನಿಯ ವೆಬ್‌ಸೈಟಿನಲ್ಲಿ ಪ್ರತಿ ಮಾರುಕಟ್ಟೆಗೆ, ಪ್ರತಿ ದಿನಕ್ಕೆ ಮೂರು ದರ ಕೊಡುತ್ತಾರೆ. ಕನಿಷ್ಠ, ಗರಿಷ್ಠ, ಮೋಡಲ್. ಮೋಡಲ್ ಅಂದರೆ ಸರಾಸರಿ ಅಲ್ಲ. ಅವತ್ತು ಅತಿ ಹೆಚ್ಚು ಮಾಲು ಯಾವ ದರಕ್ಕೆ ಹೋಯಿತೋ ಅದು. ಈಗ ಉದಾಹರಣೆಗೆ ಒಂದು ಸೋಮವಾರ ಹಿಡಿಯೋಣ. ಅಂಕಿ ನಾನೇ ಹಾಕಿದ್ದು, ಲೆಕ್ಕ ಸುಲಭ ಆಗಲಿ ಅಂತ. ಡಬ್ಬಿಗೆ ಕ್ವಿಂಟಲಿಗೆ ಕನಿಷ್ಠ 12,000, ಗರಿಷ್ಠ 44,000, ಮೋಡಲ್ 30,000 ರೂಪಾಯಿ. ಮುಂಗಡ ಪಡೆದ ಒಬ್ಬ ರೈತನ ಲಾಟ್ 26,000ಕ್ಕೆ ಹೋಯಿತು. ಮೋಡಲ್ ದರ ಅಳತೆಗೋಲಾದರೆ ನಾನು ಏನು ಬರೆಯುತ್ತಿದ್ದೆ? ಈ ರೈತ ಕ್ವಿಂಟಲಿಗೆ 4,000 ಕಳೆದುಕೊಂಡ, ಮುಂಗಡದ ಬೆಲೆ ಇದು ಅಂತ. ಕೇಳಲು ಗಟ್ಟಿಯಾದ ಮಾತು. ಪತ್ರಿಕೆಯವರೂ ಹಾಕಿಕೊಳ್ಳುತ್ತಿದ್ದರು.

ಈಗ ಆ ಚೀಲದೊಳಗೆ ಕೈ ಹಾಕೋಣ. ಕಾಯಿ ಒಣಗುವಾಗ ಎರಡು ದಿನ ಮೋಡ ಮುಸುಕಿತ್ತು ಅಂದುಕೊಳ್ಳಿ. ಬಣ್ಣ ಬಿಟ್ಟ ಬಿಳಿ ಕಾಯಿಗಳು ಒಂದಷ್ಟು ಸೇರಿವೆ. ಅವತ್ತು ಅದೇ ಸಾಲಿನ ಅಂಗಡಿಗಳಲ್ಲಿ ಅಷ್ಟೇ ಬಿಳಿ ಕಾಯಿ ಇದ್ದ, ಮುಂಗಡ ಪಡೆಯದ ರೈತರ ನಾಲ್ಕು ಲಾಟ್‌ಗಳು 25,500ರಿಂದ 26,500ರ ಒಳಗೆ ಹೋಗಿವೆ. ಹಾಗಾದರೆ ನಮ್ಮ ರೈತನಿಗೆ ಸಿಕ್ಕದ್ದು ಸರಿಯಾದ ದರವೇ. ಮುಂಗಡಕ್ಕೂ ಆ 4,000ಕ್ಕೂ ಸಂಬಂಧ ಇಲ್ಲ. ಅದು ಮೋಡದ ಬೆಲೆ.

ಉಲ್ಟಾ ಕೂಡ ಆಗಬಹುದು. ಇನ್ನೊಬ್ಬ ರೈತ, ಅವನೂ ಮುಂಗಡ ಪಡೆದವನು, 33,000ಕ್ಕೆ ಕೊಟ್ಟ. ಮೋಡಲ್‌ಗಿಂತ 3,000 ಜಾಸ್ತಿ, ಚೆನ್ನಾಗೇ ಸಿಕ್ಕಿತು ಅಂತ ನನ್ನ ಟೇಬಲ್ ಹೇಳುತ್ತದೆ. ಆದರೆ ಅವನ ಕಾಯಿ ಅವತ್ತಿನ ಅತಿ ಒಳ್ಳೆಯ ಮಾಲುಗಳಲ್ಲಿ ಒಂದು. ಅಂಥ ಬೇರೆ ಲಾಟ್‌ಗಳು 38,000ದ ಮೇಲೆ ಹೋಗಿವೆ. ನಿಜವಾಗಿ ಕಳೆದುಕೊಂಡವನು ಇವನು. ಮೋಡಲ್ ದರ ಇವನನ್ನು ಗೆದ್ದವರ ಸಾಲಿನಲ್ಲಿ ನಿಲ್ಲಿಸಿತು. ಅಂದರೆ ಆ ಅಳತೆಗೋಲಿನಿಂದ ಅಳೆದಿದ್ದರೆ ನಷ್ಟ ಆಗದವನಿಗೆ ನಷ್ಟ ಅಂತ, ಆದವನಿಗೆ ಲಾಭ ಅಂತ ಬರೆದು ಡಾಕ್ಟರೇಟ್ ತಗೊಳ್ಳುತ್ತಿದ್ದೆ. ಇದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಈ ರೈತರ ಸಾಲಿನಲ್ಲಿ ನನ್ನ ಅಪ್ಪನೂ ನಿಂತಿದ್ದಾರೆ.

ಹಾಗಾದರೆ ಸರಿಯಾದ ಅಳತೆ ಯಾವುದು? ಅದೇ ದಿನ, ಅದೇ ತಳಿ, ಅಷ್ಟೇ ಗುಣದ ಬೇರೆ ಲಾಟ್‌ಗಳು. ಮೊದಲ ಎರಡು ಸುಲಭ. ಗುಣ ಕಷ್ಟ. ಪ್ರಯೋಗಶಾಲೆಯಲ್ಲಿ ಮೆಣಸಿನಕಾಯಿಯ ಬಣ್ಣವನ್ನು ಆಸ್ಟಾ ಅನ್ನುವ ಮಾನದಲ್ಲಿ ಅಳೆಯುತ್ತಾರೆ, ಆದರೆ ನೂರಾರು ಲಾಟ್‌ಗಳ ಮಾದರಿ ಅಲ್ಲಿಗೆ ಕಳಿಸುವಷ್ಟು ನನ್ನ ಫೆಲೋಶಿಪ್ ದೊಡ್ಡದಲ್ಲ. ಖರೀದಿದಾರರೂ ಚೀಲದ ಮುಂದೆ ನಿಂತು ಆ ಸಂಖ್ಯೆ ನೋಡಿ ದರ ಹಾಕುವುದಿಲ್ಲ. ಕಣ್ಣಿನಿಂದ, ಕೈಯಿಂದ, ಕಿವಿಯಿಂದ ನೋಡುತ್ತಾರೆ. ಹಾಗಾಗಿ ನಾನೂ ಅವರು ನೋಡುವುದನ್ನೇ ದಾಖಲಿಸಬೇಕು. ಲಾಟಿನ ಬೇರೆ ಬೇರೆ ಚೀಲದಿಂದ ಹಿಡಿ ಹಿಡಿ ತೆಗೆದು ಒಂದು ಕಿಲೋ ಮಾಡಿ, ಬಿಳಿ ಕಾಯಿ ಬೇರೆ ಆರಿಸಿ ತೂಗುವುದು. ಒಂದು ಕಿಲೋದಲ್ಲಿ 80 ಗ್ರಾಂ ಬಂದರೆ 8 ಶೇಕಡಾ. ಹತ್ತು ಕಾಯಿ ಮುರಿದು ಎಷ್ಟು ಪಟ್ಟನೆ ಮುರಿದವು, ಎಷ್ಟು ಬಾಗಿದವು ಅಂತ ಬರೆಯುವುದು. ಮಾಪನ ಒರಟು, ನಿಜ. ಆದರೆ ದರ ನಿಂತಿರುವುದು ಆ ಒರಟು ಮಾಪನದ ಮೇಲೆಯೇ.

ಇದಕ್ಕೂ ಒಂದು ಮಿತಿ ಇದೆ. ಟೆಂಡರ್ ಮುಗಿದ ಮೇಲೆ ಮಾಲು ತೂಕಕ್ಕೆ ಹೋಗುತ್ತದೆ, ಆಮೇಲೆ ಯಾವ ಚೀಲ ಯಾರದು ಅಂತ ಹಿಡಿಯಲು ಆಗುವುದಿಲ್ಲ. ಮಾದರಿಯನ್ನು ಬೆಳಿಗ್ಗೆಯೇ, ಖರೀದಿದಾರರು ಓಡಾಡುವ ಹೊತ್ತಿಗೇ ತೆಗೆಯಬೇಕು. ಒಬ್ಬನೇ ಎಷ್ಟು ಲಾಟ್ ಮುಗಿಸಬಲ್ಲೆ? ಮನೆಯಲ್ಲಿ ಅವ್ವನ ಜೊತೆ ಕೂತು ಒಂದು ಕಿಲೋ ಆರಿಸಿ ನೋಡಿದೆ. ಅವ್ವನಿಗೆ ಹತ್ತು ನಿಮಿಷ, ನನಗೆ ಇಪ್ಪತ್ತೆರಡು. ಒಂದು ಮುಂಜಾನೆಗೆ ನನ್ನಿಂದ ಹತ್ತರ ಮೇಲೆ ಆಗುವುದಿಲ್ಲ. ಆವಕ ಜೋರಾಗಿರುವ ಜನವರಿಯಿಂದ ಮಾರ್ಚ್ ತನಕ ವಾರಕ್ಕೆ ಒಂದು ದಿನ ಹೋದರೂ ನೂರಿಪ್ಪತ್ತು ಲಾಟ್ ಆಸುಪಾಸು. ಕೈಹಿಡಿಯುವ ಇಬ್ಬರು ಬೇಕು.

ಈ ಲೆಕ್ಕವನ್ನೆಲ್ಲ ಅದೇ ಮೇಲ್‌ಗೆ ಉತ್ತರವಾಗಿ ಕಳಿಸಿದೆ. ಹೊಸ ಮೇಲ್ ಶುರು ಮಾಡಲಿಲ್ಲ. ಮೊದಲು ಏನು ತಪ್ಪು ತಿಳಿದಿದ್ದೆ, ಅವರು ಏನು ತಿದ್ದಿದರು, ಈಗ ಏನು ತಿಳಿದಿದ್ದೇನೆ ಎಲ್ಲಾ ಒಂದರ ಕೆಳಗೊಂದು ಇರಲಿ ಅಂತ. ಹಳೆಯ ತಪ್ಪು ಸಾಲನ್ನು ಅಳಿಸಿಲ್ಲ. ಸಮಿತಿಯಲ್ಲಿ ಯಾರಾದರೂ ಮೋಡಲ್ ದರ ಯಾಕೆ ಬಳಸಲಿಲ್ಲ ಅಂತ ಕೇಳೇ ಕೇಳುತ್ತಾರೆ, ವೆಬ್‌ಸೈಟಿನಲ್ಲಿ ಅಷ್ಟು ಸುಲಭವಾಗಿ ಸಿಗುವಾಗ. ಉತ್ತರ ಅಲ್ಲೇ ಇದೆ.

ಮೇಡಂ ಆ ಮೇಲ್‌ಗೆ ಬರೆದದ್ದು ‘ಆತು’ ಅಂತ ಒಂದೇ ಪದ.

ನಮ್ಮೂರಿನ ಪ್ರಶ್ನೆಗೆ ಅವರು ಮೇಲ್‌ನಲ್ಲಿ ಉತ್ತರ ಕೊಡಲಿಲ್ಲ. ಮುಂದಿನ ಬುಧವಾರ ನಾನೇ ಕೇಳಿದೆ. ಅವರ ನೋಡೂಣುವಿನ ಹಿಂದೆ ಏನಿತ್ತು ಅಂತ ಆಗ ತಿಳಿಯಿತು. ‘ನಿಮ್ಮೂರಾಗ ಯಾರು ಎಷ್ಟು ಮುಂಗಡ ತಗೊಂಡಾರ ಅಂತ ನೀ ಕೇಳಿದ್ರ, ನಿನಗ ಹೇಳ್ತಾರ. ನಿಮ್ಮಪ್ಪನ ಮಗ ಅಂತ ಹೇಳ್ತಾರ. ನಾಳೆ ಆ ಮಾತು ಕಟ್ಟಿ ಮ್ಯಾಲ ಬಂದ್ರ ನಿಮ್ಮಪ್ಪ ಆ ಊರಾಗ ಬಾಳೇವು ಮಾಡಬೇಕಲ್ಲ?’ ಅಂದರು. ಸಿಗುವ ಉತ್ತರದಲ್ಲೂ ತೊಂದರೆ ಇದೆ ಅಂದರು. ಕೆಲವರು ಪರಿಚಯ ಅಂತ ಸತ್ಯ ಹೇಳಬಹುದು, ಕೆಲವರು ಪರಿಚಯ ಅಂತಲೇ ಮುಚ್ಚಿಡಬಹುದು. ಯಾರು ಯಾವುದು ಅಂತ ಮಗನಿಗೆ ಗೊತ್ತಾಗುವುದಿಲ್ಲ. ನಮ್ಮೂರು ಬಿಟ್ಟು, ತಾಲೂಕಿನಲ್ಲೇ ನನ್ನ ಗುರುತು ಇಲ್ಲದ ಎರಡು ಊರು, ಹಾವೇರಿ ಕಡೆ ಎರಡು ಊರು ಅಂತಾಯಿತು. ‘ನಿಮ್ಮಪ್ಪ ಮಾಲು ಮಾರಿದ ಹಳೇ ಪಟ್ಟಿ ಇದ್ರ ತಾ. ಫಾರ್ಮ್ ಬರೋಬ್ಬರಿ ಐತೋ ಇಲ್ಲೋ ಅಂತ ಅದ್ರ ಮ್ಯಾಲ ತುಂಬಿ ನೋಡೂಣು. ಲೆಕ್ಕಕ್ಕ ಬ್ಯಾಡ.’

ಅವತ್ತು ರಾತ್ರಿ ಮತ್ತೊಂದು ಚಿಕ್ಕ ಮೇಲ್ ಕಳಿಸಿದೆ, ಅದೇ ಸರಣಿಯಲ್ಲಿ. ನಾಲ್ಕು ಊರು, ನಮ್ಮೂರು ಇಲ್ಲ, ಕಾರಣ ಇದು, ಅಪ್ಪನ ಪಟ್ಟಿ ಫಾರ್ಮ್ ಪರೀಕ್ಷೆಗೆ ಮಾತ್ರ. ಕಳಿಸುವ ಮೊದಲು ಒಂದು ಸಲ ನಿಂತೆ. ‘ಫಾರ್ಮ್ ತುಂಬಿ ನೋಡೂಣು’ ಅಂದಿದ್ದರಲ್ಲ, ಇದು ಯಾವ ನೋಡೂಣು? ಸಂದೇಹ ಉಳಿಸಿಕೊಳ್ಳುವುದು ಬೇಡ ಅಂತ ಆ ಸಾಲಿನ ಮುಂದೆ ‘ತರಲೇ?’ ಅಂತ ಸೇರಿಸಿದೆ.

‘ತಾ’ ಅಂತ ಉತ್ತರ ಬಂತು. ಶನಿವಾರ ಊರಿಗೆ ಹೋದೆ. ಅಪ್ಪ ಟ್ರಂಕಿನ ತಳದಿಂದ ಪಟ್ಟಿಗಳ ಕಟ್ಟು ತೆಗೆದು ಕೊಟ್ಟರು. ಮೇಲೆ ರಬ್ಬರ್ ಬ್ಯಾಂಡ್, ಅದು ಕಾಗದಕ್ಕೇ ಅಂಟಿಕೊಂಡಿತ್ತು. ಅಕ್ಕನ ಮದುವೆ ವರ್ಷದ್ದೂ ಇದೆ. ಲಾಟ್ ನಂಬರ್, ತೂಕ, ದರ ಎಲ್ಲಾ ಇದೆ, ಮಾರಿದ ತಾರೀಕೂ ಇದೆ. ಕಾಯಿ ಒಣಗಿದ್ದು ಯಾವತ್ತು ಅಂತ ಮಾತ್ರ ಎಲ್ಲೂ ಇಲ್ಲ. ಅಪ್ಪನನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಅಂಗಳದ ಕಡೆ ನೋಡಿ, ಅವ್ವನನ್ನು ಕರೆದು ಕೇಳಿದರು. ಅವ್ವ ತಡ ಮಾಡದೆ ಹೇಳಿದಳು, ‘ಬನದ ಹುಣ್ಣಿವಿ ಆಗಿ ಮೂರನೇ ದಿನ ಕಣದಾಗಿನ ಒಣಗಿದ ಕಾಯಿ ಚೀಲಕ್ಕ ತುಂಬಿದೇವಿ.’

ಫಾರ್ಮಿನಲ್ಲಿ ‘ಒಣಗಿದ ದಿನಾಂಕ’ ಅನ್ನುವ ಕಾಲಂ ಹೊಡೆದುಹಾಕಿ, ‘ಯಾವ ಹಬ್ಬದ ಆಸುಪಾಸು ಕಣದಿಂದ ಕಾಯಿ ತುಂಬಿದಿರಿ, ಮನೆಯಲ್ಲಿ ಯಾರು ಹೇಳಿದರು’ ಅಂತ ಬರೆದುಕೊಂಡೆ. ಬುಧವಾರ ಮೇಡಂಗೆ ತೋರಿಸಬೇಕು.